‘ಹಾಕಿದ್ದರಿಂದ’ ಎನ್ನಬೇಕೋ, ‘ಹಾಕಿದಾಗ’ ಎನ್ನಬೇಕೋ?

ಪ್ರಶ್ನೆ, ಚಿಕ್ಕಮಗಳೂರಿನಿಂದ:
ಇಲ್ಲಿನ ಒಂದು ಹೋಂಸ್ಟೇಯ ಇನ್‌ಸ್ಟಾಗ್ರಾಂ ಪುಟವನ್ನು ನೋಡಿಕೊಳ್ಳುತ್ತೇನೆ. ತಿಂಗಳ ವರದಿಯಲ್ಲಿ ‘ಸಂಜೆ ಏಳೂವರೆಗೆ ಹಾಕಿದ್ದರಿಂದ ರೀಚ್ ಹೆಚ್ಚಿತು’ ಎಂದು ಬರೆದೆ. ಬೆಳಗಿನ ಆರು ಪೋಸ್ಟ್‌ಗಳ ಸರಾಸರಿ 1,100, ಸಂಜೆಯ ಆರರದು 2,400. ಮಾಲೀಕರು ಓದಿ, ‘ಹಾಗಾದರೆ ಇನ್ನು ಎಲ್ಲವನ್ನೂ ಸಂಜೆಗೇ ಹಾಕಮ್ಮ’ ಎಂದರು. ಆಗ ಅಳುಕಾಯಿತು. ಸಂಜೆಯ ಆರರಲ್ಲಿ ನಾಲ್ಕು ರೀಲ್‌ಗಳಿದ್ದವು, ಬೆಳಗಿನವುಗಳಲ್ಲಿ ಒಂದೇ. ‘ಸಹಸಂಬಂಧ’ ಎಂದರೆ ಅವರಿಗೆ ತಲೆಬುಡ ತಿಳಿಯದು. ಯಾವ ಮಾತು ಸರಿ?

ಹಾಸನದ ಅಧ್ಯಾಪಕರು:
‘ಕಾಕತಾಳೀಯ’ ಎನ್ನಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದರೆ ಯಾರಿಗಾದರೂ ಅರ್ಥವಾಗುತ್ತದೆ.

ಸಕಲೇಶಪುರದ ಬೆಳೆಗಾರರು:
ನಮ್ಮ ತೋಟದ ಪುಟವನ್ನು ಜನ ಬೆಳಗ್ಗೆ ಆರಕ್ಕೇ ನೋಡುತ್ತಾರೆ, ಸಂಜೆ ಬೇಡ. ಇನ್ನು ‘ಇಂದ’ ಎಂದರೆ ತಪ್ಪೇನು? ಹೂಮಳೆಯಿಂದ ಕಾಫಿ ಹೂ ಬಿಡುತ್ತದೆ ಎನ್ನುವುದಿಲ್ಲವೇ?

ಹಾಸನದ ಅಂಕಿಅಂಶ ಅಧಿಕಾರಿ, ನಿವೃತ್ತ:
ಅವರು ಕೇಳಿದ್ದು ಯಾವ ಹೊತ್ತು ಒಳ್ಳೆಯದೆಂದಲ್ಲ ಸ್ವಾಮಿ. ಆದರೆ ನಿಮ್ಮ ಹೂಮಳೆ ತುಂಬಾ ಉಪಯೋಗಕ್ಕೆ ಬಂತು. ಮಳೆ ತಡವಾದ ವರ್ಷ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುತ್ತೀರಿ. ನೀರು ಬಿದ್ದ ಕಡೆ ವಾರ ಹತ್ತು ದಿನದಲ್ಲಿ ಹೂ, ಬೀಳದ ಪಕ್ಕದ ಸಾಲುಗಳಲ್ಲಿ ಮೊಗ್ಗು ಮೊಗ್ಗಾಗಿಯೇ ಇರುತ್ತದೆ. ಗಿಡ ಅದೇ, ಮಣ್ಣು ಅದೇ, ಬದಲಾದದ್ದು ನೀರೊಂದೇ. ಅಲ್ಲಿ ‘ಇಂದ’ ಎನ್ನುವ ಹಕ್ಕು ನಿಮಗಿದೆ. ಈ ವರದಿಯಲ್ಲಿ ಹೊತ್ತಿನ ಜೊತೆಗೆ ಪೋಸ್ಟಿನ ಬಗೆಯೂ ಬದಲಾಗಿದೆ.

‘ಕಾಕತಾಳೀಯ’ವೂ ಹೊಂದುವುದಿಲ್ಲ. ಅದು ನಂಟೇ ಇಲ್ಲ ಎನ್ನುತ್ತದೆ. ಇಲ್ಲಿ ನಂಟು ಇರಬಹುದು, ರೀಲಿನ ಮೂಲಕ ಬಂದಿರಬಹುದು. ರೀಲನ್ನು ರೀಲಿಗೆ, ಫೋಟೋವನ್ನು ಫೋಟೋಗೆ ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರು:
ಬಿಡಿಸಿ ನೋಡಿದೆ. ಸಂಜೆಯ ರೀಲ್‌ಗಳ ಸರಾಸರಿ 3,000, ಬೆಳಗಿನ ಒಂದೇ ರೀಲ್ 2,900. 1,300ರ ಅಂತರದ ಬೆರಗು ಅಲ್ಲೇ ಕರಗಿತು. ಫೋಟೋಗಳಲ್ಲಿ ಮಾತ್ರ ಅಂತರ ಉಳಿದಿದೆ: ಸಂಜೆಯ ಎರಡಕ್ಕೆ ಸರಾಸರಿ 1,200, ಬೆಳಗಿನ ಐದಕ್ಕೆ 740. ಆ ಎರಡೂ ಶನಿವಾರದವು! ‘ಹಾಕಿದಾಗ ಹೆಚ್ಚಿತು’ ಎಂದು ತಿದ್ದಲೇ?

ಅಧ್ಯಾಪಕರು:
ನನ್ನ ಪದವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ‘ಹಾಕಿದಾಗ’ದಲ್ಲೂ ಕಾರಣದ ನೆರಳಿದೆ. ಸ್ವಿಚ್ ಒತ್ತಿದಾಗ ದೀಪ ಹತ್ತಿತು ಎಂದರೆ ಕೇಳುವವರು ‘ಒತ್ತಿದ್ದರಿಂದ’ ಎಂದೇ ತಿಳಿಯುತ್ತಾರೆ. ‘ಸಂಜೆ ಹಾಕಿದ ಪೋಸ್ಟ್‌ಗಳು ಹೆಚ್ಚು ಜನರನ್ನು ತಲುಪಿವೆ’ ಎನ್ನಿ. ಅಲ್ಲಿ ‘ಹಾಕಿದ’ ಎಂಬುದು ಯಾವ ಪೋಸ್ಟ್ ಎಂದು ಗುರುತಿಸುತ್ತದೆ, ಅಷ್ಟೇ.

ನಿವೃತ್ತ ಅಧಿಕಾರಿ:
ಅದರ ಬೆನ್ನಿಗೇ ‘ಅವುಗಳಲ್ಲಿ ಹೆಚ್ಚಿನವು ರೀಲ್‌ಗಳು, ಹೊತ್ತಿನ ಪಾಲೆಷ್ಟೆಂದು ಈ ಲೆಕ್ಕದಿಂದ ಹೇಳಲಾಗದು’ ಎಂದು ಸೇರಿಸಿ. ಮುಂದಿನ ತಿಂಗಳು ಫೋಟೋಗಳನ್ನಷ್ಟೇ ತೆಗೆದುಕೊಂಡು, ಪ್ರತಿಯೊಂದಕ್ಕೂ ನಾಣ್ಯ ಚಿಮ್ಮಿ ಬೆಳಗ್ಗೆಯೋ ಸಂಜೆಯೋ ನಿರ್ಧರಿಸಿ. ಶನಿವಾರದ್ದನ್ನು ಶನಿವಾರದ್ದಕ್ಕೇ ಹೋಲಿಸಿ. ಹತ್ತು ಹನ್ನೆರಡು ಪೋಸ್ಟ್‌ಗಳಲ್ಲಿ ಒಂದನ್ನು ಯಾರೋ ದೊಡ್ಡ ಪುಟದವರು ಹಂಚಿದರೂ ಸರಾಸರಿ ವಾಲುತ್ತದೆ, ಎರಡು ಮೂರು ತಿಂಗಳಾದರೂ ಬೇಕು.

ಪ್ರಶ್ನೆ ಕೇಳಿದವರು:
ವಾಕ್ಯ ತಿದ್ದಿ ಕಳುಹಿಸಿದೆ. ‘ಹಾಗಾದರೆ ಸಂಜೆ ಹಾಕಬೇಕೋ ಬೇಡವೋ?’ ಎಂದು ಮಾಲೀಕರು ಮತ್ತೆ ಕೇಳಿದ್ದಾರೆ. ನಾಣ್ಯದ ವಿಷಯ ಇನ್ನೂ ಹೇಳಿಲ್ಲ.