ಅಪ್‌ಡೇಟ್: ಲಾಂಡ್ರಿ ಬಿಸಿನೀರಿನ ಲೂಪಿನ ಎಕ್ಸ್‌ಪಾನ್ಶನ್ ಟ್ಯಾಂಕ್

ನನ್ನ ಪ್ರಶ್ನೆ: "ಮಂಗಳೂರಿನ ಆಸ್ಪತ್ರೆ ಲಾಂಡ್ರಿಯ ಕ್ಲೋಸ್ಡ್ ಲೂಪಿನಲ್ಲಿ 2000 ಲೀಟರ್ ನೀರಿದೆ. ಲೆಕ್ಕ ಮಾಡಿಯೇ 125 ಲೀಟರಿನ ಟ್ಯಾಂಕ್ ಹಾಕಿದ್ದೆ. ಆದರೂ ಪ್ರತಿ ಸೋಮವಾರ ಬಿಸಿ ಮಾಡುವಾಗ ಸೇಫ್ಟಿ ವಾಲ್ವ್ ಯಾಕೆ ಸುರಿಯುತ್ತದೆ?"

ತಪ್ಪು ಸಿಕ್ಕಿತು. ನಾನು ಗೇಜ್ ಒತ್ತಡವನ್ನೇ ಭಾಗಿಸಿದ್ದೆ.

ಇಲ್ಲಿ ತುಂಬುವ ನೀರೇ ಸುಮಾರು 30 ಡಿಗ್ರಿ ಇರುತ್ತದೆ. 85ಕ್ಕೆ ಏರಿದಾಗ 2.8% ಹಿಗ್ಗುತ್ತದೆ, ಅಂದರೆ 56 ಲೀಟರ್. ತಣ್ಣಗಿರುವಾಗ ಒತ್ತಡ 1.5 ಬಾರ್, ಗರಿಷ್ಠ 2.7. ವಾಲ್ವ್ ತೆರೆಯುವುದು 3ಕ್ಕೆ. ಆದರೆ ಟ್ಯಾಂಕಿನೊಳಗಿನ ಗಾಳಿ ಕುಗ್ಗುವುದು ಗೇಜ್ ನೋಡಿ ಅಲ್ಲವಲ್ಲ! ವಾತಾವರಣದ 1 ಬಾರ್ ಸೇರಿಸಲೇಬೇಕು:

```
(3.7 - 2.5) / 3.7 = 0.324
56 / 0.324 = 173
```

ಅಂದರೆ ಕನಿಷ್ಠ 173 ಲೀಟರಿನ ಟ್ಯಾಂಕ್ ಬೇಕಿತ್ತು. 125ರ ಟ್ಯಾಂಕ್ 2.7 ಬಾರಿಗೆ ಬರೀ 40 ಲೀಟರ್ ಹಿಡಿಯುತ್ತಿತ್ತು. 3 ಬಾರ್ ತಲುಪಿದ ಮೇಲೂ ಸುಮಾರು ಒಂಬತ್ತು ಲೀಟರಿಗೆ ಜಾಗವಿಲ್ಲ. ಅದೇ ಡ್ರೈನಿಗೆ ಹೋಗುತ್ತಿದ್ದದ್ದು. ಭಾನುವಾರ ಲೂಪ್ ತಣ್ಣಗಾದಾಗ ಆಟೋ ಫಿಲ್ ಅಷ್ಟೇ ಹೊಸ ನೀರು ಎಳೆದುಕೊಳ್ಳುತ್ತಿತ್ತು. ಹೊಸ ನೀರಿನ ಜೊತೆ ಆಕ್ಸಿಜನ್ನೂ ಒಳಗೆ. ಸ್ಟ್ರೈನರ್ ಬಿಚ್ಚಿದಾಗ ಕಪ್ಪು ಕೆಸರು ಕೈಗೆ ಮೆತ್ತಿತು. ನನಗೆ ಜಾಸ್ತಿ ಬೇಸರವಾದದ್ದು ಅದಕ್ಕೇ.

ಈಗ 200 ಲೀಟರಿನದು ಕೂರಿಸಿದ್ದೇವೆ. ಟ್ಯಾಂಕನ್ನು ಲೂಪಿನಿಂದ ಬೇರ್ಪಡಿಸಿ, ನೀರು ಖಾಲಿ ಮಾಡಿದ ಮೇಲೆಯೇ ಗಾಳಿಯನ್ನು 1.5 ಬಾರಿಗೆ ಹೊಂದಿಸಿದೆವು. ನೀರಿದ್ದಾಗ ಅಳೆದರೆ ಸುಮ್ನೆ ಲೂಪಿನ ಒತ್ತಡವನ್ನೇ ತೋರಿಸುತ್ತದೆ. ಈ ಸೋಮವಾರ ಗೇಜ್ 2.5ರ ಹತ್ತಿರ ನಿಂತಿತು. ವಾಲ್ವಿನ ಬಾಯಿ ಒಣಗಿತ್ತು.