ಬುಡ ಸಣ್ಣಗಾದ್ರೂ ಜನ ಯಾಕೆ ಹೆಚ್ತಾರೆ

"ಚಿಕ್ಕಪ್ಪಾ, ಪುಟ್ಟಿಗೆ ಪಿಯು ಪ್ರಾಜೆಕ್ಟ್‌ಗೆ 2011ರ ಜನಗಣತಿಯ ಭಾರತದ ಜನಸಂಖ್ಯಾ ಪಿರಮಿಡ್ ಕೊಟ್ಟಿದ್ದಾರೆ. ಬುಡ ಸಣ್ಣಗಿದೆ, ಅಂದ್ರೆ ಜನಸಂಖ್ಯೆ ಇಳೀತಿದೆ ಅಂತನಾ? ಅವಲಂಬನಾ ಅನುಪಾತಾನೂ ಬರೀಬೇಕಂತೆ. ಒಂದು ವಾಯ್ಸ್ ಹಾಕಿ."

ಇಲ್ಲ ಕಣಮ್ಮ, ಜನಸಂಖ್ಯೆ ಇಳೀತಿಲ್ಲ. ಹುಟ್ಟೋ ಮಕ್ಕಳ ಸಂಖ್ಯೆ ಇಳಿಯೋಕೆ ಶುರುವಾಗಿದೆ, ಅಷ್ಟೇ. ಅದೇ ಬೇರೆ, ಇದೇ ಬೇರೆ. ಸ್ವಲ್ಪ ಉದ್ದ ಆಗತ್ತೆ, ಪುಟ್ಟೀನ ಪಕ್ಕ ಕೂರಿಸ್ಕೊಂಡು ಚಿತ್ರ ಮುಂದಿಟ್ಕೊಂಡು ಕೇಳಿ.

ಎಡಗಡೆ ಗಂಡಸರು, ಬಲಗಡೆ ಹೆಂಗಸರು, ಐದೈದು ವರ್ಷಕ್ಕೆ ಒಂದೊಂದು ಪಟ್ಟಿ, ಇದು ಅವಳಿಗೆ ಗೊತ್ತಿರತ್ತೆ. ಕೆಳಗಿನ ಅಡ್ಡಗೆರೆ ಮೇಲೆ ಕೋಟಿ ಲೆಕ್ಕ ಇದ್ಯಾ, ಶೇಕಡಾ ಲೆಕ್ಕ ಇದ್ಯಾ ಅಂತ ಮಾತ್ರ ನೋಡ್ಕೊಳ್ಳಿ. 2001ರ ಚಿತ್ರಾನೂ 2011ರ ಚಿತ್ರಾನೂ ಪಕ್ಕಪಕ್ಕ ಇಟ್ಟು ಹೋಲಿಸುವಾಗ ಶೇಕಡಾ ಲೆಕ್ಕ ಮೋಸ ಮಾಡತ್ತೆ. ಮಕ್ಕಳು ಅಷ್ಟೇ ಇದ್ದು ದೊಡ್ಡವರು ಜಾಸ್ತಿ ಆದ್ರೂ ಮಕ್ಕಳ ಪಟ್ಟಿ ಗಿಡ್ಡ ಕಾಣತ್ತೆ.

ಈಗ ಕೆಳಗಿನ ಮೂರು ಪಟ್ಟಿ ನೋಡಿ. ಗಂಡು ಹೆಣ್ಣು ಸೇರಿಸಿ ಹೇಳ್ತೀನಿ. 10ರಿಂದ 14 ವಯಸ್ಸಿನವರು 13.27 ಕೋಟಿ, 5ರಿಂದ 9ರವರು 12.69 ಕೋಟಿ, 0ಯಿಂದ 4ರವರು 11.28 ಕೋಟಿ. ಗಣತಿಲಿ ತೀರ ಚಿಕ್ಕ ಮಕ್ಕಳು ಲೆಕ್ಕಕ್ಕೆ ಬಿಟ್ಟುಹೋಗೋದು ಮಾಮೂಲಿ, ಕೂಸಿನ ಹೆಸರು ಹೇಳೋಕೆ ಮನೆಯವರೇ ಮರೀತಾರೆ. ಹಾಗಾಗಿ ಬರೀ ಕಟ್ಟಕಡೆಯ ಪಟ್ಟಿ ನೋಡಿ ತೀರ್ಮಾನ ಮಾಡಬಾರದು. ಆದ್ರೆ ಇಲ್ಲಿ ಅದರ ಮೇಲಿನ ಪಟ್ಟೀನೂ ಗಿಡ್ಡ ಆಗಿದೆ ನೋಡಿ, ಅದಕ್ಕೇ ಇಳಿತ ನಿಜ ಅಂತ ಧೈರ್ಯವಾಗಿ ಬರೀಬಹುದು.

ಸರಿ, ಹಾಗಿದ್ರೆ ಜನ ಯಾಕೆ ಹೆಚ್ತಾರೆ? 2011ರಲ್ಲಿ ದೇಶದಲ್ಲಿ ಸಾವಿರ ಜನಕ್ಕೆ 21.8 ಜನನ, 7.1 ಮರಣ. ಜನನ ಮರಣದ ಎರಡು ಪಾಲಲ್ಲ, ಮೂರು ಪಾಲು. ಸಾವು ಹೆಚ್ಚು ಆಗೋದು ಪಿರಮಿಡ್‌ನ ತುದೀಲಿ, ಆ ತುದಿ ಇನ್ನೂ ಚೂಪಾಗಿದೆ. ಹುಟ್ಟು ಬರೋದು ನಡುವಿನ ಪಟ್ಟಿಗಳಿಂದ, ಅವು ತುಂಬಿಕೊಂಡಿವೆ.

ಪುಟ್ಟಿ ಕೈಲಿ ಒಂದು ಕೆಲಸ ಮಾಡಿಸು. 10ರಿಂದ 14ರ ಪಟ್ಟೀನ ಹದಿನೈದು ವರ್ಷ, ಅಂದ್ರೆ ಮೂರು ಮೆಟ್ಟಿಲು ಮೇಲಕ್ಕೆ ತಳ್ಳಲಿ. 2026ಕ್ಕೆ ಅವರು 25ರಿಂದ 29ರವರು. ಆ ಜಾಗದಲ್ಲಿ 2011ರಲ್ಲಿ ಇದ್ದವರು 10.14 ಕೋಟಿ. ಅಲ್ಲಿಗೆ 13.27 ಕೋಟಿ ಬಂದು ಕೂತ್ರು, ನಡುವೆ ತೀರಿಕೊಂಡವರನ್ನ ಕಳೆದ್ರೂ ಹತ್ತಿರ ಹತ್ತಿರ ಮೂರು ಕೋಟಿ ಜಾಸ್ತಿ. ಇವರೇ ಅಪ್ಪ ಅಮ್ಮ ಆಗೋ ವಯಸ್ಸಿನವರು. ಒಬ್ಬೊಬ್ಬರಿಗೆ ಎರಡೇ ಮಕ್ಕಳಾದ್ರೂ, ಅಪ್ಪ ಅಮ್ಮಂದಿರೇ ಜಾಸ್ತಿ ಇರೋದ್ರಿಂದ ಮಕ್ಕಳ ಒಟ್ಟು ಸಂಖ್ಯೆ ದಬಕ್ಕಂತ ಬೀಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು ದೇಶಕ್ಕೆ 2.0, ನಮ್ಮ ಕರ್ನಾಟಕಕ್ಕೆ 1.7. ಜನಸಂಖ್ಯೆ ಸ್ಥಿರವಾಗಿ ನಿಲ್ಲೋಕೆ ಸುಮಾರು 2.1 ಬೇಕು. ಅದಕ್ಕಿಂತ ಕೆಳಗೆ ಬಂದ್ಮೇಲೂ ದಶಕಗಟ್ಟಲೆ ಬೆಳೀತಾ ಹೋಗೋದು ಇದೇ ಕಾರಣಕ್ಕೆ. ಇದಕ್ಕೆ ಜನಸಂಖ್ಯಾ ಆವೇಗ ಅಂತಾರೆ.

ಮುಪ್ಪಿನ ಲೆಕ್ಕಾನೂ ಹೀಗೇ ತಳ್ಳಿ ನೋಡೋದು. 45ರಿಂದ 49ರವರು 6.23 ಕೋಟಿ, ಅವರು 2026ಕ್ಕೆ 60ರಿಂದ 64ರವರು. ಅಲ್ಲಿ 2011ರಲ್ಲಿ ಇದ್ದದ್ದು 3.77 ಕೋಟಿ. ಎಷ್ಟು ಮಕ್ಕಳು ಹುಟ್ತಾರೆ ಅನ್ನೋದು ಅಂದಾಜು, ಆದ್ರೆ ಮುಂದಿನ ವಯಸ್ಸಾದವರು ಈಗಾಗಲೇ ಹುಟ್ಟಿ ಚಿತ್ರದೊಳಗೇ ಕೂತಿದ್ದಾರೆ. ಅದಕ್ಕೇ ಮುಪ್ಪಿನ ವಿಷಯದಲ್ಲಿ ಪಿರಮಿಡ್ ಹೇಳೋ ಮಾತು ಹೆಚ್ಚು ಗಟ್ಟಿ.

ಈ 60ರ ಪಟ್ಟಿ ಹತ್ತಿರ ಒಂದು ವಿಚಿತ್ರ ಇದೆ, ಟೀಚರ್ ಕೇಳಿದ್ರೂ ಕೇಳಬಹುದು. 50ರಿಂದ 54ರವರು 4.91 ಕೋಟಿ, 55ರಿಂದ 59ರವರು 3.91, ಒಂದೇ ಏಟಿಗೆ ಒಂದು ಕೋಟಿ ಇಳೀತು. ಆದ್ರೆ 60ರಿಂದ 64ರವರು 3.77, ಅಲ್ಲಿ ಇಳಿದೇ ಇಲ್ಲ ಅನ್ನೋ ಹಾಗಿದೆ. 55ರಿಂದ 59ರವರಿಗೆ ಯಾವ ಕಾಯಿಲೆಯೂ ಬಡಿದಿರಲಿಲ್ಲ. ಗಣತಿಯವರು "ವಯಸ್ಸೆಷ್ಟು ಅಜ್ಜೀ" ಅಂದ್ರೆ "ಒಂದು ಅರವತ್ತು ಇರ್ಬೋದಪ್ಪಾ" ಅಂತ ಹೇಳಿರ್ತಾರೆ. 58, 59 ಆದವರೂ 60ಕ್ಕೆ ಬಂದು ಸೇರ್ಕೋತಾರೆ. ಸೊನ್ನೆ, ಐದರಲ್ಲಿ ಮುಗಿಯೋ ವಯಸ್ಸಿಗೆಲ್ಲ ಇದೇ ಕಥೆ.

ಹಾಗಿದ್ರೆ ಒಂದು ತಗ್ಗು ನಿಜಾನೋ ಹೇಳಿಕೆಯ ತಪ್ಪೋ ಅಂತ ಗೊತ್ತಾಗೋದು ಹೇಗೆ? ಹತ್ತು ವರ್ಷದ ಮೇಲಿನ ಗಣತಿ ನೋಡ್ಬೇಕು. ತಪ್ಪು ಹೇಳಿಕೆಯ ಗುರುತು ಪ್ರತಿ ಗಣತೀಲೂ ಅದೇ ವಯಸ್ಸಿಗೆ ಅಂಟಿಕೊಂಡಿರತ್ತೆ, ನಿಜವಾದ ತಗ್ಗು ಜನರ ಜೊತೆ ಹತ್ತು ವರ್ಷ ಮೇಲಕ್ಕೆ ಹತ್ತತ್ತೆ. ಜಪಾನ್‌ನಲ್ಲಿ 1966 ಅವರ ಪಂಚಾಂಗದ ಪ್ರಕಾರ ಬೆಂಕಿ ಕುದುರೆಯ ವರ್ಷ, ಆಗ ಹುಟ್ಟಿದ ಹೆಣ್ಣುಮಕ್ಕಳು ಗಂಡನಿಗೆ ಆಗಿಬರಲ್ಲ ಅನ್ನೋ ನಂಬಿಕೆ. ಹಿಂದಿನ ವರ್ಷ 18 ಲಕ್ಷದ ಮೇಲಿದ್ದ ಜನನ ಆ ವರ್ಷ 13.6 ಲಕ್ಷಕ್ಕೆ ಬಿತ್ತು. ಒಂದೊಂದು ವರ್ಷಕ್ಕೂ ಬೇರೆ ಪಟ್ಟಿ ಹಾಕಿದ ಪಿರಮಿಡ್‌ನಲ್ಲಿ ಆ ಕಚ್ಚು ಇವತ್ತಿಗೂ ಕಾಣತ್ತೆ, ಆಗ 0 ವಯಸ್ಸಲ್ಲಿದ್ದದ್ದು ಈಗ 60ರ ಹತ್ತಿರ ಬಂದಿದೆ. ಮಾಡಿದ್ದೆಲ್ಲ ಪಂಚಾಂಗ!

ಇನ್ನು ತುದೀಲಿ 80 ಮೇಲ್ಪಟ್ಟವರ ಪಟ್ಟಿ 75ರಿಂದ 79ರದ್ದಕ್ಕಿಂತ ಉದ್ದ ಇರತ್ತೆ. ಗಾಬರಿ ಬೇಡ, ಅದರಲ್ಲಿ ಐದು ವರ್ಷ ಅಲ್ಲ, 80ರಿಂದ ಆಚೆಗೆ ಇರೋರೆಲ್ಲ ಸೇರಿದ್ದಾರೆ.

ಅವಲಂಬನಾ ಅನುಪಾತಕ್ಕೆ ಬರ್ತೀನಿ. 0ಯಿಂದ 14ರವರು 37.24 ಕೋಟಿ, 60 ದಾಟಿದವರು 10.38 ಕೋಟಿ, ನಡುವಿನ 15ರಿಂದ 59ರವರು 73 ಕೋಟಿ. ಮಕ್ಕಳನ್ನ ನಡುವಿನವರಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ 51, ವಯಸ್ಸಾದವರದ್ದು 14.2, ಒಟ್ಟು 65. ದುಡಿಯೋ ವಯಸ್ಸಿನ ನೂರು ಜನರ ಮೇಲೆ 65 ಜನ ಅಂತ ಅರ್ಥ. ಅವಳು ಒಟ್ಟು ಜನಸಂಖ್ಯೆಯಿಂದ ಭಾಗಿಸದ ಹಾಗೆ ನೋಡ್ಕೋ, ಸುಮಾರು ಮಕ್ಕಳು ಅಲ್ಲೇ ಎಡವ್ತಾರೆ. ಎರಡು ಅಂಕೀನೂ ಬೇರೆ ಬೇರೆ ಬರೀಲಿ. ಮಕ್ಕಳ 51 ಅಂದ್ರೆ ಅಂಗನವಾಡಿ, ಶಾಲೆ, ಲಸಿಕೆ. ಮುಂದೆ ಒಟ್ಟು 65ರಲ್ಲೇ ನಿಂತು ವಯಸ್ಸಾದವರ ಪಾಲು ಹೆಚ್ಚಾದ್ರೆ ಖರ್ಚಿನ ಬಾಬ್ತೇ ಬೇರೆ, ಪಿಂಚಣಿ, ಔಷಧಿ, ನೋಡಿಕೊಳ್ಳೋ ಕೈ. ಇದು ಬರೀ ವಯಸ್ಸಿನ ಲೆಕ್ಕ ಅನ್ನೋದನ್ನೂ ಸೇರಿಸಲಿ, 62ರಲ್ಲೂ ಗದ್ದೆಗೆ ಇಳಿಯೋ ರೈತ ಇದರಲ್ಲಿ ಅವಲಂಬಿತ, ಕೆಲಸ ಸಿಗದೆ ಮನೇಲಿರೋ 24ರ ಹುಡುಗ ದುಡಿಯೋನು.

ಯಾವ ವಯಸ್ಸಿನ ಗಡಿ ಹಿಡಿದಿದ್ದು ಅಂತಾನೂ ಒಂದು ಸಾಲು ಹಾಕಲೇಬೇಕು. ಇದೇ ಅಂಕಿಗಳಲ್ಲಿ ದುಡಿಯೋ ವಯಸ್ಸನ್ನ 15ರಿಂದ 64 ಅಂತ ಹಿಡಿದ್ರೆ ಅನುಪಾತ 57ಕ್ಕೆ ಇಳಿಯತ್ತೆ. ಬೇರೆ ದೇಶಗಳ ಅಂಕಿ ಸಾಮಾನ್ಯವಾಗಿ 64ರ ಗಡೀದು, ಅದರ ಪಕ್ಕ ನಮ್ಮ 65 ಇಟ್ಟು ಹೋಲಿಸೋಕೆ ಬರಲ್ಲ. ಮತ್ತೆ ಅವಳು ಪಟ್ಟಿಗಳನ್ನೆಲ್ಲ ಕೂಡಿಸಿದಾಗ 121.09 ಕೋಟಿ ಬರದೆ ಸುಮಾರು 45 ಲಕ್ಷ ಕಮ್ಮಿ ಬಂದ್ರೆ ಕೂಡಿದ್ದು ತಪ್ಪಿಲ್ಲ, ಅಷ್ಟು ಜನರ ವಯಸ್ಸು ಗಣತೀಲಿ ದಾಖಲಾಗಿಲ್ಲ.