ಟಿಎಂಟಿ ಕಂಬಿ ಅಸಲಿನಾ ಅಂತ ಇಳಿಸ್ಕೊಳ್ಳುವಾಗ ಹೇಗೆ ನೋಡ್ಬೇಕು? ನಿಮ್ಮ ಅನುಭವ ಹೇಳಿ

ಪ್ರಶಾಂತ, ಬೋಗಾದಿ:
ನಮಸ್ಕಾರ, 30-40 ಸೈಟಲ್ಲಿ ಮನೆ ಶುರು ಮಾಡಿದೀವಿ, ಫೌಂಡೇಶನ್ನಿಗೂ ಪಿಲ್ಲರಿಗೂ ಸೇರಿ ಮೊದಲ ಲೋಡು 3 ಟನ್ ಕಂಬಿ ಗುರುವಾರ ಬರತ್ತೆ. ಎಫ್‌ಇ 500ಡಿ ಗ್ರೇಡು ಅಂತ ಇಂಜಿನಿಯರ್ ಬರ್ಕೊಟ್ಟಿದಾರೆ, ಹೆಸರಿರೋ ಕಂಪನಿದು ತರ್ಸೋಣ ಅಂತಿದ್ವಿ. ಅಂಗಡಿಯವರು ಲೋಕಲ್ ಮಿಲ್ಲಿನದೂ 500ಡಿನೇ, ಕೆಜಿಗೆ 6 ರೂಪಾಯಿ ಕಮ್ಮಿ ಅಂತಾರೆ. ನೋಡಕ್ಕೆ ಎರಡೂ ಒಂದೇ ಥರ ಇದೆ. ಲಾರಿ ಬಂದಾಗ ನಾನೇ ನಿಂತು ಏನೇನು ಚೆಕ್ ಮಾಡ್ಬೋದು?

ಮಹದೇವು, ಮದ್ದೂರು:
ಅಣ್ಣ, ನಂದೊಂದು ಕತೆ ಕೇಳಿ. ಹೋದ್ ವರ್ಷ ದನಿನ ಕೊಟ್ಟಿಗೆ ಮೇಲೆ ಒಂದು ರೂಮ್ ಎತ್ತನ ಅಂತ 12 ಎಂಎಂ ಒಂದು ಟನ್ ತರ್ಸ್ದೆ. ತೂಕದ ಚೀಟಿಲಿ ಸರ್ಯಾಗಿ 1000 ಕೆಜಿ ಇತ್ತು. ಎಣಿಸ್ದ್ರೆ 103 ಕಂಬಿ ಬಂದವೆ! ನಮ್ ಮೇಸ್ತ್ರಿ 94 ಬರ್ತವೆ ಅಂದಿದ್ದ. ಒಂಬತ್ತು ಕಂಬಿ ಲಾಭ ಆಯ್ತು ಅಂತ ಖುಷಿಲಿ ಇಳಿಸ್ಕಂಡೆ, ಅಂಗಡಿಯವ್ನೂ ನಮ್ ಮಾಲಲ್ಲಿ ಹಂಗೆ ಜಾಸ್ತಿ ಬರತ್ತೆ ಅಂದ. ಆಮೇಲೆ ಪಕ್ಕದೂರಿನ ಇಂಜಿನಿಯರ್ ಹುಡುಗ ಬಂದು ನೋಡ್ಬುಟ್ಟು, ಇದು ಲಾಭ ಅಲ್ಲ ಮಾವ, ಕಂಬಿ ಸಣ್ಣ ಅದೆ ಅಂದ. ನಂಗೆ ಅವತ್ತೇ ಅರ್ಥ ಆಗ್ನಿಲ್ಲ, ತೂಕ ಸರ್ಯಾಗದೆ ಅಂದ್ರೆ ಮೋಸ ಎಲ್ಲಿಂದ ಬಂತು ಅಂತ.

ಶಶಿ, ಕುವೆಂಪುನಗರ:
ಪ್ರಶಾಂತ್, ಒಂದು ವರ್ನಿಯರ್ ಕ್ಯಾಲಿಪರ್ ತಗೊಳ್ಳಿ ಸಾಕು. 12 ಅಂದ್ರೆ 12 ತೋರಿಸ್ಬೇಕು, ಅಷ್ಟೇ. ಇನ್ನೊಂದು, ಅಸಲಿ ಟಿಎಂಟಿ ನೀಲಿ ಛಾಯೆ ಇರತ್ತೆ, ತುಕ್ಕು ಹಿಡಿದಿದ್ರೆ ವಾಪಸ್ ಕಳ್ಸಿ.

ರೇಖಾ (20 ವರ್ಷ ಸೈಟು, ಕ್ವಾಲಿಟಿ ಕೆಲಸ):
ಶಶಿ ಅವರೇ, ಕ್ಯಾಲಿಪರ್ ತಗೊಳ್ಳೋದು ತಪ್ಪಲ್ಲ, ಆದ್ರೆ ಅದನ್ನ ನಂಬ್ಕೊಂಡ್ರೆ ಇಲ್ಲೇ ಏಮಾರೋದು. ಕಂಬಿ ಮೇಲೆ ಏಣು ಇರತ್ತಲ್ಲ, ಕ್ಯಾಲಿಪರ್ ದವಡೆ ಏಣಿನ ಮೇಲೆ ಕೂತ್ರೆ 12ಕ್ಕಿಂತ ಜಾಸ್ತಿ ತೋರಿಸತ್ತೆ, ಏಣುಗಳ ನಡುವೆ ಇಟ್ರೆ ಕಮ್ಮಿ ತೋರಿಸತ್ತೆ, ಎರಡೂ ಕಂಬಿಯ ನಿಜವಾದ ದಪ್ಪ ಅಲ್ಲ. ಒಳಗೆ ಸಣ್ಣ ಮಾಡಿ ಏಣು ಎತ್ತರ ಬಿಟ್ರೆ ಕಣ್ಣಿಗೂ ಕ್ಯಾಲಿಪರಿಗೂ ಸರಿಯಾಗೇ ಕಾಣ್ಸತ್ತೆ. ಅದಕ್ಕೇ ಕಂಬಿಗಿರೋ ಭಾರತೀಯ ಮಾನದಂಡ ಐಎಸ್ 1786 ಈ ಕಂಬಿನ ಮೀಟರಿಗೆ ಎಷ್ಟು ತೂಕ ಅನ್ನೋದರಿಂದ ಅಳೆಯೋದು.

ಲೆಕ್ಕ ಸುಲಭ. ಎಂಎಂ ಅನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದ್ರೆ ಒಂದು ಮೀಟರಿನ ಕೆಜಿ ಬರತ್ತೆ. 12 ಎಂಎಂಗೆ 0.888, ಹಾಗಾಗಿ 12 ಮೀಟರಿನ ಒಂದು ಕಂಬಿ 10.66 ಕೆಜಿ, ಒಂದು ಟನ್ನಿಗೆ 94 ಹತ್ರ. ಮಹದೇವು ಅವರ ಮೇಸ್ತ್ರಿ ಹೇಳಿದ್ದು ಸರಿನೇ. ಈಗ ಅವರ 103 ಕಂಬಿ ತಗೊಳ್ಳಿ, 12 ಎಂಎಂ ಆಗಿದ್ರೆ 1098 ಕೆಜಿ ಇರ್ಬೇಕಿತ್ತು, ಇದ್ದಿದ್ದು 1000. ಅಂದ್ರೆ ಒಂದೊಂದು ಕಂಬಿನೂ ನೂರಕ್ಕೆ ಸುಮಾರು 9ರಷ್ಟು ಹಗುರ. ಮೀಟರಿಗೆ 0.809 ಕೆಜಿ ಆಯ್ತು, ಅದು 12 ಅಲ್ಲ, 11.4 ಎಂಎಂ ಕಂಬಿ. ದುಡ್ಡಲ್ಲಿ ಮೋಸ ಆಗಿಲ್ಲ, ನಿಜ, ಕೊಟ್ಟ ಕೆಜಿಗೆ ಕೆಜಿ ಬಂದಿದೆ. ಮೋಸ ಆಗಿದ್ದು ಪಿಲ್ಲರಿಗೆ. ಕಂಬಿ ಕಟ್ಟೋರು ತೂಕ ನೋಡಲ್ಲ, ಡ್ರಾಯಿಂಗಲ್ಲಿ 8 ಕಂಬಿ ಅಂದ್ರೆ 8 ಎಣಿಸಿ ಕಟ್ತಾರೆ, ಅಲ್ಲಿ 8 ನಿಂತಿದ್ರೂ ಕಬ್ಬಿಣ 7 ಚಿಲ್ಲರೆ ಕಂಬಿದು ಮಾತ್ರ ಇರತ್ತೆ.

ಅದೇ ಪೀಸ್ ಲೆಕ್ಕದಲ್ಲಿ ತಗೊಂಡಿದ್ರೆ ದುಡ್ಡೂ ಹೋಗ್ತಿತ್ತು, ಬಲನೂ ಹೋಗ್ತಿತ್ತು. ಹಾಗಾಗಿ ಪ್ರಶಾಂತ್, ಬಿಲ್ ಕೆಜಿಲೇ ಇರ್ಲಿ, ಆದ್ರೆ ಕಂಬಿ ಎಣಿಸಿ. ಎರಡೂ ಸೇರಿದ್ರೇನೇ ಸತ್ಯ ಗೊತ್ತಾಗೋದು. ಉದ್ದನೂ ಟೇಪ್ ಹಿಡಿದು ನೋಡಿ, 12 ಮೀಟರ್ ಬದ್ಲು ಹನ್ನೊಂದೂವರೆ ಇದ್ರೆ ಲೆಕ್ಕ ಉಲ್ಟಾ ಆಗತ್ತೆ.

ಮಹದೇವು, ಮದ್ದೂರು:
ಈಗ ಗೊತ್ತಾಯ್ತು ನೋಡಿ ಅಕ್ಕ. ಆ ಹುಡ್ಗ ಒಂದೊಂದು ಮೀಟರ್ ಮೂರು ತುಂಡು ಕುಯ್ಸಿ ಕಿರಾಣಿ ಅಂಗಡಿ ತಕ್ಕಡಿಲಿ ಹಾಕ್ಸಿದ್ದ, ಮೂರೂ 0.80, 0.81 ಅಂಗೇ ಬಂದ್ವು. ವಾಪಸ್ ತಗಳಯ್ಯ ಅಂದ್ರೆ ಅಂಗಡಿಯವ್ನು ಇಷ್ಟೆಲ್ಲ ಟಾಲರೆನ್ಸ್ ಇರತ್ತೆ ಅಂತ ಜಗಳ ಆಡ್ದ. ಕೊನೆಗೆ ಲಾರಿ ಬಾಡಿಗೆ ನನ್ ತಲೆ ಮೇಲೆ ಹಾಕಿ ಎತ್ಕಂಡೋದ.

ಫಾರೂಕ್ (ಮುಂಚೆ ಮಂಡ್ಯದಲ್ಲಿ ಸ್ಟೀಲ್ ಅಂಗಡಿ):
ಟಾಲರೆನ್ಸ್ ಇದೆ ಅನ್ನೋದು ಸುಳ್ಳಲ್ಲ ಮಹದೇವಣ್ಣ, ಆದ್ರೆ ಅಷ್ಟಿಲ್ಲ. 10 ಎಂಎಂ ವರೆಗೆ ಲಾಟಿನ ಸರಾಸರಿ ನೂರಕ್ಕೆ 7 ಹೆಚ್ಚುಕಮ್ಮಿ, ಅದರ ಮೇಲೆ 16 ವರೆಗೆ 5, ಅದಕ್ಕಿಂತ ದಪ್ಪದ್ದಕ್ಕೆ 3. 12 ಎಂಎಂಗೆ ಕೆಳಗಿನ ಗಡಿ 0.844, ನಿಮ್ದು ಅದಕ್ಕೂ ಕೆಳಗೆ ಹೋಗಿದೆ. 8 ಎಂಎಂ 0.395 ಇರ್ಬೇಕಾದ್ದು 0.367 ತನಕ ನಡಿಯತ್ತೆ. ಒಳ್ಳೆ ಮಿಲ್ಲಿನ ಮಾಲೂ ಸ್ವಲ್ಪ ಮೈನಸ್ಸಲ್ಲೇ ಬರತ್ತೆ, ಅದನ್ನ ನೋಡಿ ಡೂಪ್ಲಿಕೇಟ್ ಅಂತ ಕೂಗಾಡಿದ ಗಿರಾಕಿಗಳೂ ನಂಗೆ ಸಿಕ್ಕಿದ್ರು. ಕಿರಾಣಿ ತಕ್ಕಡಿ ಒಂದು ತುಂಡಿಗೆ ಸಾಲ್ದು, ಮೂರು ತುಂಡು ಒಟ್ಟಿಗೆ ಹಾಕಿ ಮೂರರಿಂದ ಭಾಗಿಸಿ.

ಅಂಗಡಿಲಿದ್ದೋನಾಗಿ ಇನ್ನೊಂದು ಹೇಳ್ತೀನಿ, ನಾನು ಮಾಡಿಲ್ಲ ಆದ್ರೆ ಮಾಡೋದನ್ನ ನೋಡಿದೀನಿ. ಬಂಡಲಿನ ಹೊರಗಡೆ ನಾಲ್ಕು ಕಂಬಿ ಹೆಸರಿರೋ ಕಂಪನಿದು, ಒಳಗೆ ಬೇರೆದು. ತಂತಿ ಕಟ್ ಮಾಡಿ ಬಂಡಲ್ ಹರಡಿಸಿ, ನಡುವಿಂದ ಕಂಬಿ ಎಳೆದು ಹೆಸರು ಓದಿ. ಹೆಸರು, ಗ್ರೇಡು ರೋಲಿಂಗಲ್ಲೇ ಉಬ್ಬಿ ಬಂದಿರತ್ತೆ, ಕಂಬಿ ಉದ್ದಕ್ಕೂ ಮತ್ತೆ ಮತ್ತೆ ಬರತ್ತೆ, ಕೈಯಾಡಿಸಿದ್ರೆ ಗೊತ್ತಾಗತ್ತೆ. ಪೇಂಟಲ್ಲಿ ಬರ್ದಿದ್ದು ಲೆಕ್ಕಕ್ಕಿಲ್ಲ. ಅಕ್ಷರ ಒಂದೊಂದಾಗಿ ಓದಿ, ದೊಡ್ಡ ಹೆಸರಲ್ಲಿ ಒಂದಕ್ಷರ ಆಚೀಚೆ ಮಾಡಿ ಬಿಡೋರು ಇದಾರೆ. ಐಎಸ್ಐ ಗುರುತಿನ ಜೊತೆ ಇರೋ CM/L ನಂಬರನ್ನ ಫೋನಲ್ಲಿ BIS CARE ಆಪಿಗೆ ಹಾಕಿದ್ರೆ ಯಾರ ಲೈಸೆನ್ಸು, ಚಾಲ್ತಿಲಿದೆಯಾ ಅಂತ ತೋರಿಸತ್ತೆ. ಲೋಕಲ್ ಮಿಲ್ ಅಂದ ತಕ್ಷಣ ಕಳಪೆ ಅಂತ ನಾನು ಒಪ್ಪಲ್ಲ. ಲೈಸೆನ್ಸ್ ಇದ್ದು, ತೂಕ ಬಂದು, ಲ್ಯಾಬಲ್ಲಿ ಪಾಸಾದ್ರೆ ತಗೊಳ್ಳಿ.

ರೇಖಾ:
ಫಾರೂಕ್ ಭಾಯ್, ತೂಕದ ಮಾತಿಗೆ ಪೂರ್ತಿ ಒಪ್ಪಿಗೆ. ಲೋಕಲ್ ಮಿಲ್ ವಿಷಯದಲ್ಲಿ ನಂಗೆ ಅನುಮಾನ ಇದೆ. ಸ್ಕ್ರ್ಯಾಪ್ ಕರಗಿಸಿ ಮಾಡೋ ಕಡೆ ಗಂಧಕ, ರಂಜಕ ಇಳಿಸೋದು ಕಷ್ಟ. 500ಡಿ ಅಂದ್ರೆ ಅವೆರಡೂ ಒಂದೊಂದು ನೂರಕ್ಕೆ 0.040 ಒಳಗೆ ಇರ್ಬೇಕು, ಬರೀ 500ಕ್ಕೆ 0.055. ಎಳೆದಾಗ ಮುರಿಯೋ ಮುಂಚೆ ನೂರಕ್ಕೆ 16 ಆದ್ರೂ ಉದ್ದ ಆಗ್ಬೇಕು, ಬರೀ 500ಗೆ 12 ಸಾಕು. ಆ ಡಿ ಅಕ್ಷರಕ್ಕೇ ನಾವು ದುಡ್ಡು ಕೊಡೋದು, ಅದು ಕಣ್ಣಿಗೂ ತಕ್ಕಡಿಗೂ ಕಾಣಲ್ಲ. ಒಂದು ಲಾಟ್ ಪಾಸಾದ್ರೆ ಮುಂದಿನ ಲಾಟೂ ಹಾಗೇ ಇರತ್ತೆ ಅನ್ನೋ ಧೈರ್ಯ ನಂಗಿಲ್ಲ.

ಇನ್ನು ನೀಲಿ ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ ಶಶಿ. ತುಕ್ಕೂ ಅಷ್ಟೇ, ಮೇಲ್ಮೇಲೆ ಕೆಂಪಗಿದ್ರೆ ಏನೂ ಆಗಲ್ಲ, ಹಕ್ಕಳೆ ಏಳ್ತಿದ್ರೆ, ಗುಳಿ ಬಿದ್ದಿದ್ರೆ ಬೇಡ. ನಿಜವಾಗ್ಲೂ ಟಿಎಂಟಿನಾ ಅಂತ ನೋಡಕ್ಕೆ ರಿಂಗ್ ಟೆಸ್ಟ್ ಮಾಡ್ಸಿ.

ಸಿದ್ದರಾಜು ಮೇಸ್ತ್ರಿ, ನಂಜನಗೂಡು ರೋಡ್:
ರಿಂಗು ನಾವೇ ಸೈಟಲ್ಲಿ ಬಗ್ಗಿಸ್ತೀವಿ ಮೇಡಂ, ಟೆಸ್ಟ್ ಏನಿಲ್ಲ. ಕೊಕ್ಕೆ ಒಳಕ್ಕೆ ಪೂರ್ತಿ ಬಗ್ಗಿರ್ಬೇಕು, 90 ಡಿಗ್ರಿಗೆ ಬಿಟ್ರೆ ಇಂಜಿನಿಯರ್ ಬೈತಾರೆ. ಆದ್ರೆ ಒಂದು ಮಾತು, 8 ಎಂಎಂ ರಿಂಗ್ ಬಗ್ಗಿಸುವಾಗ ಹೊರಮೈ ಬಿರಿದ್ರೆ ಆ ಕಂಬಿ ನಾನು ಪಕ್ಕಕ್ಕೆ ಹಾಕ್ತೀನಿ. ಬಗ್ಗಿಸೋದೇ ನನ್ ಟೆಸ್ಟು.

ರೇಖಾ:
ಮೇಸ್ತ್ರಿಗಳೇ, ನಾನು ಹೇಳಿದ್ದು ಆ ರಿಂಗ್ ಅಲ್ಲ. ಮಿಲ್ಲಲ್ಲಿ ಕೆಂಪಗೆ ಕಾದ ಕಂಬಿಗೆ ಜೋರಾಗಿ ನೀರು ಹೊಡೆದು ಹೊರಮೈ ಗಟ್ಟಿ ಮಾಡ್ತಾರೆ, ಒಳಗಿನ ಬಿಸಿ ಮತ್ತೆ ಹೊರಗೆ ಬಂದು ಆ ಗಟ್ಟಿ ಪದರವನ್ನ ಸ್ವಲ್ಪ ಹದ ಮಾಡತ್ತೆ. ಕಂಬಿನ ಹ್ಯಾಕ್‌ಸಾದಲ್ಲಿ ಅಡ್ಡ ಕುಯ್ದು, ಅರ ಹಾಕಿ, ಎಮರಿ ಪೇಪರಲ್ಲಿ ನುಣುಪು ಮಾಡಿ, ಮದ್ಯಸಾರದಲ್ಲಿ ತೆಳು ಮಾಡಿದ ನೈಟ್ರಿಕ್ ಆಸಿಡ್ ಹಚ್ಚಿದ್ರೆ ಹೊರಗೆ ಕಪ್ಪನೆ ಬಳೆ, ಒಳಗೆ ತಿಳಿ ಬೂದು ಕಾಣ್ಸತ್ತೆ. ಬಳೆ ಸುತ್ತಲೂ ಒಂದೇ ಸಮ ಇರ್ಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ ಆಗಿದ್ರೆ ನೀರು ಸರಿಯಾಗಿ ಬಿದ್ದಿಲ್ಲ. ಬಳೆನೇ ಇಲ್ಲ ಅಂದ್ರೆ ಅದು ಏಣು ಹಾಕಿದ ಮಾಮೂಲಿ ಕಂಬಿ ಇರ್ಬೋದು. ಗ್ಯಾಸಲ್ಲಿ ಕಟ್ ಮಾಡಿದ ತುದಿ ತಗೋಬೇಡಿ, ಬಿಸಿಗೆ ಬಳೆ ಹಾಳಾಗಿರತ್ತೆ. ಮನೇಲಿ ಆಸಿಡ್ ಆಟ ಬೇಡ, ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಕೊಡಿ.

ಮೇಸ್ತ್ರಿಗಳು ಬಿರಿದ ಕಂಬಿ ಪಕ್ಕಕ್ಕೆ ಹಾಕೋದು ಸರಿಯಾದ ಕೆಲಸ. ಆದ್ರೆ ಎಷ್ಟು ದಪ್ಪದ ಪಿನ್ನಿಗೆ ಸುತ್ತಿದ್ರಿ ಅನ್ನೋದೂ ಮುಖ್ಯ. 500ಡಿಗೆ 20 ಎಂಎಂ ತನಕ ಬೆಂಡ್ ಟೆಸ್ಟಲ್ಲಿ ಕಂಬಿ ದಪ್ಪದ 3 ಪಟ್ಟು ಪಿನ್ ಇಡ್ತಾರೆ. 8 ಎಂಎಂನ 10 ಎಂಎಂ ಮೊಳೆಗೆ ಸುತ್ತಿ ಬಿರಿದ್ರೆ ಕಂಬಿನ ದೂರೋ ಹಾಗಿಲ್ಲ. ಬಗ್ಗಿದ ಮಾತ್ರಕ್ಕೆ ಒಳ್ಳೇದೂ ಅಲ್ಲ, ಮೆತ್ತಗಿರೋ ಕಳಪೆ ಕಂಬಿ ಇನ್ನೂ ಚೆನ್ನಾಗಿ ಬಗ್ಗತ್ತೆ.

ಸಿದ್ದರಾಜು ಮೇಸ್ತ್ರಿ, ನಂಜನಗೂಡು ರೋಡ್:
ಬಳೆ ಅಂದ್ರೆ ಅರ್ಥ ಆಯ್ತು ಮೇಡಂ. ನಮ್ ಪಿನ್ನು ದಪ್ಪನೇ ಇದೆ, ಆದ್ರೂ ಅಳೆದು ನೋಡ್ತೀನಿ.

ಪ್ರಶಾಂತ, ಬೋಗಾದಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಲೋಡ್ ಬಂತು. ದುಡ್ಡು ಜಾಸ್ತಿ ಆದ್ರೂ ಹೆಸರಿರೋ ಕಂಪನಿದನ್ನೇ ತರ್ಸಿದೆ, ಲೋಕಲ್ ಬೇಡ ಅಂದೆ. ಲಾರಿನ ಅಂಗಡಿಯವರು ಹೇಳಿದ ವೇ ಬ್ರಿಡ್ಜ್ ಬಿಟ್ಟು ಬೇರೆ ಕಡೆ ತೂಗ್ಸಿದೆ, ಖಾಲಿ ಆದ್ಮೇಲೆ ಅಲ್ಲೇ ಮತ್ತೆ ತೂಗ್ಸಿದೆ, ಎರಡು ಸಲವೂ ಡ್ರೈವರನ್ನ ಕೆಳಗೆ ಇಳಿಸಿ. 12 ಎಂಎಂ ಮೂರು ತುಂಡಿನ ಸರಾಸರಿ 0.868 ಬಂತು, 8 ಎಂಎಂ 0.371. ಎರಡೂ ಗಡಿ ಒಳಗೇ ಇದೆ ಅಂದ್ಕೊಂಡಿದೀನಿ. ಎಲ್ಲಾ ಬಂಡಲ್ ಬಿಚ್ಚಿಸಿ ಹೆಸರು ಓದಿದೆ, ಸರಿಯಿದೆ. ಒಂದೇ ತೊಂದರೆ, 16 ಎಂಎಂ ಬಂಡಲಿನ ತಗಡಿನ ಟ್ಯಾಗಲ್ಲಿರೋ ಹೀಟ್ ನಂಬರು, ಅಂದ್ರೆ ಮಿಲ್ಲಲ್ಲಿ ಯಾವ ಸಲ ಕರಗಿಸಿದ ಉಕ್ಕು ಅನ್ನೋ ನಂಬರು, ಕೊಟ್ಟಿರೋ ಟೆಸ್ಟ್ ಸರ್ಟಿಫಿಕೇಟಲ್ಲಿ ಎಲ್ಲೂ ಇಲ್ಲ. ಆ 16 ಎಂಎಂ ಲಾರಿಲಿ ಹಿಡಿಯಲಿ ಅಂತ ನಡುವೆ ಮಡಚಿ ಬೇರೆ ತಂದಿದ್ರು.

ಫಾರೂಕ್:
ತೂಕ ಎರಡೂ ಸರಿ ಇದೆ, ಆರಾಮಾಗಿರಿ. ಸರ್ಟಿಫಿಕೇಟು ಎಷ್ಟೋ ಸಲ ಹಳೇ ಲೋಡಿಂದು ಜೆರಾಕ್ಸ್ ಮಾಡಿ ಕೊಡ್ತಾರೆ, ಬೇಕಂತ ಅಲ್ಲ, ಸೋಮಾರಿತನ. ಆ ಹೀಟಿಂದು ಮಿಲ್ಲಿಂದ ತರ್ಸಿಕೊಡಿ ಅಂತ ಪಟ್ಟು ಹಿಡೀರಿ, ನಿಜವಾದ ಮಾಲಾದ್ರೆ ಒಂದೆರಡು ದಿನದಲ್ಲಿ ಬರತ್ತೆ.

ರೇಖಾ:
ಬರೋ ತನಕ ಆ ಬಂಡಲ್ ಮುಟ್ಟಬೇಡಿ, ಬೇರೆ ಇಟ್ಟು ಸುಣ್ಣದಲ್ಲಿ ಗುರುತು ಹಾಕಿ. ಬರದಿದ್ರೆ ಮೂರು ತುಂಡು ಲ್ಯಾಬಿಗೆ, ಎಷ್ಟುದ್ದ ಬೇಕು ಅಂತ ಮೊದಲೇ ಕೇಳಿ ಕುಯ್ಸಿ. ಮಡಚಿದ 16ನ ನೆಟ್ಟಗೆ ಮಾಡಕ್ಕೆ ಗ್ಯಾಸಲ್ಲಿ ಕಾಯಿಸೋಕೆ ಯಾರಿಗೂ ಬಿಡ್ಬೇಡಿ, ಆ ಗಟ್ಟಿ ಪದರ ಅಲ್ಲೇ ಹೋಗತ್ತೆ. ಮಡಿಕೆ ಇರೋ ಜಾಗ ಕಟ್ ಮಾಡಿ ತೆಗೆದು, ಎರಡು ಕಡೆ ನೇರ ಉಳಿದಿದ್ದನ್ನ ಪಿಲ್ಲರಿಗೆ ಅಳತೆ ಮಾಡ್ಕೊಳ್ಳಿ.

ಪ್ರಶಾಂತ, ಬೋಗಾದಿ:
ಸೋಮವಾರದೊಳಗೆ ಸರ್ಟಿಫಿಕೇಟ್ ಕೊಡ್ತೀನಿ ಅಂದಿದಾರೆ. ಬಂಡಲ್ ಕಾಂಪೌಂಡ್ ಪಕ್ಕ ಟಾರ್ಪಲ್ ಹೊದಿಸಿ ಇಟ್ಟಿದೀನಿ, ಮೇಸ್ತ್ರಿಗೂ ಹೇಳಿದೀನಿ.